ಅದೇ ತರಗತಿ, ಅದೇ ಪಾಠ, ಇನ್ನೊಂದು ವರ್ಷ

“ಇನ್ನೊಂದು ವರ್ಷ ಅದೇ ಕ್ಲಾಸಲ್ಲಿ ಕೂರಲಿ ಬಿಡಿ, ಗಟ್ಟಿಯಾಗ್ತಾನೆ.” ಈ ಮಾತನ್ನು ಹೇಳುವ ಮೇಷ್ಟ್ರಿಗಾಗಲಿ, ತಲೆಯಾಡಿಸುವ ಅಪ್ಪ ಅಮ್ಮನಿಗಾಗಲಿ ಮಗುವಿನ ಮೇಲೆ ಸಿಟ್ಟಿರುವುದಿಲ್ಲ. ಓದಲು ಬಾರದ ಮಗುವನ್ನು ಮೇಲಿನ ತರಗತಿಗೆ ದೂಡಿ ಕೈತೊಳೆದುಕೊಳ್ಳುವುದು ಅನ್ಯಾಯ ಎಂದೇ ಅವರು ನಂಬಿರುತ್ತಾರೆ. ಆ ಕಾಳಜಿಯಲ್ಲಿ ತಪ್ಪಿಲ್ಲ. ಆದರೆ ಹಿಂದೆ ಉಳಿಸುವುದರಿಂದ ಆ ಮಗುವಿಗೆ ಓದು ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಕೆಲಸ ಹಲವು ದೇಶಗಳಲ್ಲಿ ದಶಕಗಳಿಂದ ನಡೆದಿದೆ.

ನಮ್ಮಲ್ಲಿ ಈ ಚರ್ಚೆ ಮತ್ತೆ ಏಳಲು ಕಾನೂನೇ ಕಾರಣ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು, ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹಿಂದೆ ಉಳಿಸಬಾರದು, ಶಾಲೆಯಿಂದ ತೆಗೆದುಹಾಕಬಾರದು ಎಂದಿತ್ತು. 2019ರ ತಿದ್ದುಪಡಿ ಇದನ್ನು ಸಡಿಲಿಸಿತು. ಐದು ಮತ್ತು ಎಂಟನೇ ತರಗತಿಯ ಕೊನೆಗೆ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಫೇಲಾದ ಮಗುವಿಗೆ ಹೆಚ್ಚುವರಿ ಪಾಠ ಹೇಳಿ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕು. ಆಗಲೂ ಪಾಸಾಗದಿದ್ದರೆ ಅದೇ ತರಗತಿಯಲ್ಲಿ ಉಳಿಸಬಹುದೇ ಎಂಬ ತೀರ್ಮಾನ ಆಯಾ ಸರ್ಕಾರಕ್ಕೆ ಬಿಟ್ಟದ್ದು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೇಂದ್ರೀಯ ವಿದ್ಯಾಲಯ, ನವೋದಯ ಮುಂತಾದ ತನ್ನ ಶಾಲೆಗಳಿಗೆ ಹಿಂದೆ ಉಳಿಸುವ ನಿಯಮ ತಂದಿತು. ತಮಿಳುನಾಡು ಆ ದಾರಿ ತನಗೆ ಬೇಡ ಎಂದಿತು. ಕರ್ನಾಟಕದಲ್ಲಿ ಐದು ಮತ್ತು ಎಂಟನೇ ತರಗತಿಗೆ ಬೋರ್ಡ್ ಮಾದರಿಯ ಪರೀಕ್ಷೆ ತಂದಾಗ ಯಾರನ್ನೂ ಫೇಲು ಮಾಡುವುದಿಲ್ಲ ಎಂದು ಸರ್ಕಾರ ಹೇಳಿತ್ತು. ಆದರೂ ಆ ಪರೀಕ್ಷೆಯೇ ಕೋರ್ಟು ಹತ್ತಿತು. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು.

ಕಾನೂನಿನ ಮಾತು ಇಲ್ಲಿಗೆ ಸಾಕು, ಮಗುವಿನ ನೋಟುಪುಸ್ತಕ ತೆರೆಯೋಣ.

ಐದನೇ ತರಗತಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅವಳಿಗೆ 503ರಿಂದ 278ನ್ನು ಕಳೆಯಲು ಕೊಟ್ಟರೆ 375 ಎಂದು ಬರೆಯುತ್ತಾಳೆ. ಉತ್ತರ 225 ಎಂದು ಕೆಂಪು ಶಾಯಿಯಲ್ಲಿ ತಿದ್ದಿ ಮುಂದೆ ಹೋಗಬಹುದು. ಆದರೆ 375 ಎಲ್ಲಿಂದ ಬಂತು ಎಂದು ನೋಡಬೇಕು. ಬಿಡಿ ಸ್ಥಾನದಲ್ಲಿ 3 ಮತ್ತು 8 ಇವೆ. ಮೂರರಿಂದ ಎಂಟು ಹೋಗುವುದಿಲ್ಲವಾದ್ದರಿಂದ ಅವಳು ಎಂಟರಿಂದ ಮೂರನ್ನು ಕಳೆದು 5 ಬರೆದಳು. ಹತ್ತರ ಸ್ಥಾನದಲ್ಲಿ 0 ಮತ್ತು 7. ಅಲ್ಲೂ ಹಾಗೆಯೇ ಮಾಡಿ 7 ಬರೆದಳು. ನೂರರ ಸ್ಥಾನದಲ್ಲಿ ಐದರಿಂದ ಎರಡು ಹೋಗಿ 3 ಉಳಿಯಿತು. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ತನ್ನದೇ ನಿಯಮವನ್ನು ಅವಳು ಒಂದಿಷ್ಟೂ ತಪ್ಪದೆ ಪಾಲಿಸಿದ್ದಾಳೆ. ಅವಳು ದಡ್ಡಿಯಲ್ಲ, ಅಜಾಗರೂಕಳೂ ಅಲ್ಲ. ಒಂದು ನೂರನ್ನು ಬಿಡಿಸಿದರೆ ಹತ್ತು ಹತ್ತುಗಳಾಗುತ್ತವೆ, ಒಂದು ಹತ್ತನ್ನು ಬಿಡಿಸಿದರೆ ಹತ್ತು ಬಿಡಿಗಳಾಗುತ್ತವೆ ಎಂಬ ಸ್ಥಾನಬೆಲೆಯ ತಿಳಿವು ಅವಳಿಗೆ ಬಂದಿಲ್ಲ. ಅದು ಎರಡು, ಮೂರನೇ ತರಗತಿಯ ಪಾಠ.

ಈ ಹುಡುಗಿಯನ್ನು ಐದರಲ್ಲೇ ಕೂರಿಸಿದರೆ ಜೂನ್ ತಿಂಗಳಲ್ಲಿ ಅವಳ ಮುಂದೆ ಏನು ಬರುತ್ತದೆ? ಐದಂಕಿಯ ಸಂಖ್ಯೆಗಳು, ಅಪವರ್ತನಗಳು, ಭಿನ್ನರಾಶಿ. ಹೋದ ವರ್ಷ ಅರ್ಥವಾಗದ ಅದೇ ಅಧ್ಯಾಯಗಳು, ಅದೇ ಕ್ರಮದಲ್ಲಿ, ಬಹುಪಾಲು ಅದೇ ಮೇಷ್ಟ್ರ ಬಾಯಿಂದ. ಹತ್ತನ್ನು ಬಿಡಿಸಿ ಕಳೆಯುವುದನ್ನು ಐದನೇ ತರಗತಿಯಲ್ಲಿ ಮೊದಲಿನಿಂದ ಕಲಿಸುವುದಿಲ್ಲ, ಅದು ಬರುತ್ತದೆ ಎಂದುಕೊಂಡೇ ಆ ಪುಸ್ತಕ ಶುರುವಾಗುತ್ತದೆ. ಪೆಟ್ಟು ಬಿದ್ದದ್ದು ಕಾಲಿಗೆ, ಪಟ್ಟಿ ಕಟ್ಟುತ್ತಿರುವುದು ಕೈಗೆ.

ಇದು ಒಂದು ಮಗುವಿನ ಕತೆಯಲ್ಲ. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗನಿಮಿಯನ್ ಎಂಬ ಅರ್ಥಶಾಸ್ತ್ರಜ್ಞರು ದೆಹಲಿಯ ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಒಂಬತ್ತನೇ ತರಗತಿಯ ಹೊತ್ತಿಗೆ ಆ ಅಂತರ ಇನ್ನೂ ದೊಡ್ಡದಾಗಿತ್ತು. ಎರಡೂವರೆ ತರಗತಿಯಷ್ಟು ಹಿಂದಿರುವ ಮಗುವನ್ನು ಒಂದೇ ಒಂದು ತರಗತಿ ಹಿಂದಕ್ಕೆ ತಂದು ಕೂರಿಸಿದರೂ ಅದಕ್ಕೆ ಬೇಕಾದ ಪಾಠ ಅಲ್ಲಿ ಸಿಗುವುದಿಲ್ಲ.

ಹಾಗಾದರೆ “ನಮ್ಮ ಶಾಲೆಯಲ್ಲಿ ಉಳಿಸಿಕೊಂಡ ಹುಡುಗ ಮಾರನೇ ವರ್ಷ ಚೆನ್ನಾಗಿ ಮಾಡಿದ” ಎನ್ನುವ ಶಿಕ್ಷಕರು ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ಅಂಕ ನಿಜಕ್ಕೂ ಏರುತ್ತದೆ. ಪ್ರಶ್ನೆಗಳ ವರಸೆ ಪರಿಚಿತವಾಗಿರುತ್ತದೆ, ಕೆಲವು ಉತ್ತರಗಳು ಬಾಯಿಗೆ ಬಂದಿರುತ್ತವೆ, ಮಗುವಿಗೆ ಒಂದು ವರ್ಷ ವಯಸ್ಸೂ ಆಗಿರುತ್ತದೆ. ಎಡವಟ್ಟು ಇರುವುದು ಹೋಲಿಕೆಯಲ್ಲಿ. ನಾವು ಆ ಮಗುವನ್ನು ಅದರ ಹೋದ ವರ್ಷದ ಜೊತೆ ಅಥವಾ ತನಗಿಂತ ಒಂದು ವರ್ಷ ಚಿಕ್ಕವರ ಜೊತೆ ಹೋಲಿಸುತ್ತೇವೆ. ಹೋಲಿಸಬೇಕಾದದ್ದು ಬೇರೆ. ಅದೇ ಮಗು ಮುಂದಿನ ತರಗತಿಗೆ ಹೋಗಿದ್ದರೆ ಇದೇ ಒಂದು ವರ್ಷದಲ್ಲಿ ಎಷ್ಟು ಕಲಿಯುತ್ತಿತ್ತು? ಆ ಮಗು ಶಿಕ್ಷಕರ ಕಣ್ಣೆದುರು ಇರುವುದಿಲ್ಲ. ಹಾಗಾಗಿ ಎಷ್ಟು ವರ್ಷ ಪಾಠ ಮಾಡಿದರೂ ಅನುಭವವೊಂದರಿಂದಲೇ ಈ ಪ್ರಶ್ನೆಗೆ ಉತ್ತರ ಸಿಗದು.

ಸಂಶೋಧಕರಿಗೂ ಇದು ಬಹುಕಾಲ ತೊಡಕಾಗಿತ್ತು. ಉಳಿದ ಮಕ್ಕಳನ್ನು ದಾಟಿದ ಮಕ್ಕಳೊಂದಿಗೆ ಸುಮ್ಮನೆ ಹೋಲಿಸಿದರೆ ಉಳಿದವರು ಹಿಂದೆ ಬಿದ್ದಂತೆಯೇ ಕಾಣುತ್ತದೆ, ಏಕೆಂದರೆ ಅವರು ಮೊದಲೇ ಹಿಂದಿದ್ದವರು. ಬಡತನ, ಕಾಯಿಲೆ, ಗೈರುಹಾಜರಿಯೂ ಅವರಲ್ಲೇ ಹೆಚ್ಚು. ತಪ್ಪು ಯಾವುದರದ್ದು, ತರಗತಿಯಲ್ಲಿ ಉಳಿಸಿದ್ದರದ್ದೋ ಹಿನ್ನೆಲೆಯದ್ದೋ ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಅಮೆರಿಕದ ಶಿಕಾಗೊ ನಗರದ ಒಂದು ನಿಯಮ ಇದಕ್ಕೆ ದಾರಿ ತೋರಿಸಿತು. 1996ರಲ್ಲಿ ಅಲ್ಲಿನ ಶಾಲೆಗಳು ಮೂರು, ಆರು ಮತ್ತು ಎಂಟನೇ ತರಗತಿಗೆ ಒಂದು ನಿಗದಿತ ಅಂಕ ಗೊತ್ತುಮಾಡಿದವು. ಅದನ್ನು ಮುಟ್ಟದವರು ಬೇಸಿಗೆ ಶಾಲೆಗೆ ಹೋಗಬೇಕು, ಆಮೇಲೂ ಮುಟ್ಟದಿದ್ದರೆ ಅದೇ ತರಗತಿಯಲ್ಲಿ ಕೂರಬೇಕು. ಬ್ರಯನ್ ಜೇಕಬ್ ಮತ್ತು ಲಾರ್ಸ್ ಲೆಫ್‌ಗ್ರೆನ್ ಎಂಬ ಸಂಶೋಧಕರು ಆ ಗೆರೆಯ ಅಕ್ಕಪಕ್ಕದ ಮಕ್ಕಳನ್ನಷ್ಟೇ ನೋಡಿದರು. ಗೆರೆಗಿಂತ ಒಂದು ಅಂಕ ಮೇಲಿದ್ದವನಿಗೂ ಒಂದು ಅಂಕ ಕೆಳಗಿದ್ದವನಿಗೂ ಕಲಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಒಬ್ಬ ದಾಟಿದ, ಇನ್ನೊಬ್ಬ ಉಳಿದ. ಕೆಲವು ವರ್ಷಗಳಾದ ಮೇಲೆ ಇಬ್ಬರ ಗತಿ ಬೇರೆಯಾಗಿದ್ದರೆ ಅದಕ್ಕೆ ಕಾರಣ ತರಗತಿಯಲ್ಲಿ ಉಳಿಸಿದ್ದೇ.

ಅವರಿಗೆ ಕಂಡದ್ದು ಇಷ್ಟು. ಬೇಸಿಗೆ ಪಾಠ ಮತ್ತು ತರಗತಿಯಲ್ಲಿ ಉಳಿಸುವಿಕೆ ಎರಡೂ ಸೇರಿ ಮೂರನೇ ತರಗತಿಯ ಮಕ್ಕಳಿಗೆ ಸ್ವಲ್ಪ ಲಾಭವಾಗಿತ್ತು. ಆರನೇ ತರಗತಿಯವರಿಗೆ ಆ ಲಾಭ ಕಾಣಲಿಲ್ಲ. ಎಂಟನೇ ತರಗತಿಯಲ್ಲಿ ಉಳಿದವರು ಮುಂದೆ ಶಾಲೆ ಬಿಡುವ ಸಾಧ್ಯತೆ ಹೆಚ್ಚಿತ್ತು. ಅಂದರೆ ಮಗು ದೊಡ್ಡದಾದಷ್ಟೂ ಹಿಂದೆ ಉಳಿಸುವುದರ ಹಾನಿ ಹೆಚ್ಚು. ಕಾಯ್ದೆ ಐದು ಮತ್ತು ಎಂಟನೇ ತರಗತಿಯನ್ನು ಒಂದೇ ವಾಕ್ಯದಲ್ಲಿ ಸೇರಿಸಿರುವುದು ನನಗೆ ಕಳವಳ ತರುವುದು ಇದೇ ಕಾರಣಕ್ಕೆ.

ಹಿಂದೆ ಉಳಿಸುವುದನ್ನು ಬೆಂಬಲಿಸುವವರು ಫ್ಲೋರಿಡಾ ರಾಜ್ಯವನ್ನು ತೋರಿಸುತ್ತಾರೆ. ಅದನ್ನೂ ನ್ಯಾಯವಾಗಿ ನೋಡಬೇಕು. 2002ರ ಕಾನೂನಿನಂತೆ ಅಲ್ಲಿ ಮೂರನೇ ತರಗತಿಯ ಓದಿನ ಪರೀಕ್ಷೆಯಲ್ಲಿ ತೀರ ಕೆಳಗಿನ ಹಂತದಲ್ಲಿ ನಿಂತ ಮಕ್ಕಳನ್ನು ಉಳಿಸಲಾಯಿತು. ಮೊದಲ ವರ್ಷಗಳಲ್ಲಿ ಅವರ ಓದು ಚೆನ್ನಾಗಿಯೇ ಸುಧಾರಿಸಿತು. ಅದೇ ವಯಸ್ಸಿನ ದಾಟಿದ ಮಕ್ಕಳ ಜೊತೆ ಹೋಲಿಸಿದಾಗ ಆ ಲಾಭ ಕೆಲವು ವರ್ಷಗಳಲ್ಲಿ ಕರಗಿತು. ಹೈಸ್ಕೂಲು ಮುಗಿಸುವವರ ಪ್ರಮಾಣ ಏರಲೂ ಇಲ್ಲ, ಇಳಿಯಲೂ ಇಲ್ಲ. ಶಿಕಾಗೊದಷ್ಟು ನಿರಾಶೆ ಇಲ್ಲಿಲ್ಲ. ಆದರೆ ಉಳಿದ ಮಗುವಿಗೆ ಅಲ್ಲಿ ಏನೇನು ಸಿಕ್ಕಿತು ಎಂದು ನೋಡಿ: ಬೇಸಿಗೆಯಲ್ಲಿ ಓದಿನ ಶಿಬಿರ, ಮುಂದಿನ ವರ್ಷ ದಿನಕ್ಕೆ 90 ನಿಮಿಷ ಓದು ಕಲಿಸುವ ಪಾಠ, ಆ ಮಗುವಿಗೇ ಮಾಡಿದ ಕಲಿಕಾ ಯೋಜನೆ, ಒಳ್ಳೆಯ ಫಲಿತಾಂಶ ತೋರಿಸಿದ ಶಿಕ್ಷಕರು. ಕೆಲಸ ಮಾಡಿದ್ದು ಅದೇ ತರಗತಿಯಲ್ಲಿ ಕೂರಿಸಿದ್ದೋ, ಆ 90 ನಿಮಿಷವೋ ಎಂದು ಬೇರೆ ಮಾಡಿ ಹೇಳಲು ಬರುವುದಿಲ್ಲ. ನಮ್ಮಲ್ಲಿ ಫ್ಲೋರಿಡಾದ ಹೆಸರು ಹೇಳುವವರು ಉಳಿಸುವ ಭಾಗವನ್ನು ಮಾತ್ರ ತಂದು, ಉಳಿದದ್ದನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಇಂಥ 84 ಅಧ್ಯಯನಗಳನ್ನು ಒಟ್ಟಿಗೆ ತೂಗಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸರಾಸರಿ ಪರಿಣಾಮ ಸೊನ್ನೆಯ ಆಸುಪಾಸು ಎಂದಿತು. ಸೊನ್ನೆ ಎಂದರೆ ಹಾನಿಯಿಲ್ಲವಲ್ಲ ಎನ್ನಬಹುದು. ಆದರೆ ಮಗು ತನ್ನ ಬಾಳಿನ ಒಂದು ಪೂರ್ತಿ ವರ್ಷ ಕೊಟ್ಟಿದೆ, ಸರ್ಕಾರ ಒಂದು ವರ್ಷದ ಖರ್ಚು ಕೊಟ್ಟಿದೆ. ಅಷ್ಟು ಕೊಟ್ಟು ಏನೂ ಸಿಗದಿದ್ದರೆ ಅದು ನಷ್ಟವೇ. ಬಡ ಮನೆಗಳಲ್ಲಿ ಆ ವರ್ಷದ ಬೆಲೆ ಇನ್ನೂ ಹೆಚ್ಚು. ಹನ್ನೊಂದರ ಹುಡುಗಿ ಐದನೇ ತರಗತಿ ಮುಗಿಸುವುದಕ್ಕೂ ಹನ್ನೆರಡರ ಹುಡುಗಿ ಮುಗಿಸುವುದಕ್ಕೂ ನಡುವೆ ಎಷ್ಟೋ ಹಳ್ಳಿಗಳಲ್ಲಿ ದೊಡ್ಡ ಅಂತರವಿದೆ. ಆರನೇ ತರಗತಿಗೆ ಪಕ್ಕದೂರಿಗೆ ನಡೆಯಬೇಕು, ಅಷ್ಟರಲ್ಲಿ ದೊಡ್ಡವಳಾದರೆ ಮನೆಯವರು ಹಿಂದೆ ಮುಂದೆ ನೋಡುತ್ತಾರೆ. ತಮ್ಮನೋ ತಂಗಿಯೋ ಪಕ್ಕದ ಬೆಂಚಿಗೆ ಬಂದು ಕೂತರೆ ಅವಳೇ ಶಾಲೆ ಬೇಡವೆನ್ನುತ್ತಾಳೆ. ಆಫ್ರಿಕದ ಸೆನೆಗಲ್ ದೇಶದಲ್ಲಿ ಪೀಟರ್ ಗ್ಲಿಕ್ ಮತ್ತು ಡೇವಿಡ್ ಸಾನ್ ನಡೆಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಎರಡನೇ ತರಗತಿಯಲ್ಲಿ ಉಳಿದ ಮಕ್ಕಳು, ಅಷ್ಟೇ ಕಲಿತಿದ್ದೂ ದಾಟಿದ ಮಕ್ಕಳಿಗಿಂತ ಹೆಚ್ಚಾಗಿ ಪ್ರಾಥಮಿಕ ಶಾಲೆ ಮುಗಿಯುವ ಮೊದಲೇ ಬಿಟ್ಟಿದ್ದರು.

“ಫೇಲಾಗುವ ಭಯವೇ ಇಲ್ಲದಿದ್ದರೆ ಯಾರು ಓದುತ್ತಾರೆ?” ಎಂಬ ವಾದವೂ ಇದೆ. ಅದರಲ್ಲಿ ಒಂದಿಷ್ಟು ಸತ್ಯವಿದೆ. ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದಲ್ಲಿ ಎಲ್ಲರನ್ನೂ ತಾನಾಗಿ ಮುಂದೂಡುವ ಪದ್ಧತಿ ತಂದ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳ ಅಂಕ ಸ್ವಲ್ಪ ಕುಸಿದದ್ದನ್ನು ಮಾರ್ಟಿನ್ ಕೊಪೆನ್‌ಸ್ಟೈನರ್ ಎಂಬ ಅರ್ಥಶಾಸ್ತ್ರಜ್ಞ ತೋರಿಸಿದ್ದಾರೆ. ಓದಬಲ್ಲ ಮಗುವಿಗೆ ಪರೀಕ್ಷೆಯ ಅಳುಕು ಪುಸ್ತಕ ಹಿಡಿಸಬಹುದು. ಆದರೆ ಒತ್ತಕ್ಷರ ಬಂದ ಕೂಡಲೇ ತಡವರಿಸಿ ನಿಲ್ಲುವ ಮಗುವಿಗೆ ಭಯ ಒತ್ತಕ್ಷರ ಕಲಿಸುವುದಿಲ್ಲ. ಅದಕ್ಕೆ ಯಾರಾದರೂ ಕೂತು ಕಲಿಸಬೇಕು.

ಅಸರ್ ಸಮೀಕ್ಷೆಯ ಅಂಕಿಗಳನ್ನೂ ಇದೇ ವಾದಕ್ಕೆ ಬಳಸುತ್ತಾರೆ. ದೇಶದ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲ ಐದನೇ ತರಗತಿಯ ಮಕ್ಕಳು 2010ರಲ್ಲಿ ನೂರಕ್ಕೆ ಸುಮಾರು 54 ಇದ್ದರು, 2012ರಲ್ಲಿ 47ಕ್ಕೆ ಇಳಿದರು. 2024ರಲ್ಲಿ 49. ಫೇಲು ಮಾಡುವುದನ್ನು ನಿಲ್ಲಿಸಿದ ಮೇಲೆ ಇಳಿಕೆಯಾದದ್ದು ನಿಜ. ಆದರೆ 2010ರ ಮಕ್ಕಳು ಫೇಲು ಮಾಡಬಹುದಾಗಿದ್ದ ಕಾಲದಲ್ಲೇ ಓದುತ್ತಾ ಬಂದವರು, ಅವರಲ್ಲೂ ನೂರಕ್ಕೆ 46 ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಕಾಯ್ದೆ ಫೇಲು ಮಾಡಬೇಡಿ ಎಂದಷ್ಟೇ ಹೇಳಿರಲಿಲ್ಲ. ವರ್ಷವಿಡೀ ಮಗುವಿನ ಕಲಿಕೆಯನ್ನು ನೋಡುತ್ತಾ, ಕೊರತೆ ಕಂಡಲ್ಲಿ ಆಗಲೇ ತುಂಬಿ ಎಂದೂ ಹೇಳಿತ್ತು. ಆ ಎರಡನೇ ಭಾಗ ನಮ್ಮ ಬಹುತೇಕ ಶಾಲೆಗಳಲ್ಲಿ ರೂಪಣಾತ್ಮಕ, ಸಂಕಲನಾತ್ಮಕ ಎಂಬ ಕಾಲಂಗಳನ್ನು ತುಂಬಿಸುವ ಕೆಲಸವಾಯಿತು. ಅದಕ್ಕೆ ಶಿಕ್ಷಕರನ್ನು ದೂರುವುದು ಸರಿಯಲ್ಲ. ಇಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಆ ಕಾಲಂ ತುಂಬಿಸುವುದಕ್ಕೇ ಸಂಜೆಯಾಗುತ್ತದೆ.

ಕಾಯ್ದೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಆ ಎರಡು ತಿಂಗಳ ಹೆಚ್ಚುವರಿ ಪಾಠ. ಕರ್ನಾಟಕದ ಶಾಲಾ ವೇಳಾಪಟ್ಟಿಗೆ ಅದನ್ನು ಹೊಂದಿಸಿ ನೋಡಿ. ಏಪ್ರಿಲಿನ ಎರಡನೇ ವಾರದಲ್ಲಿ ಫಲಿತಾಂಶ ಬರುತ್ತದೆ, ಬೇಸಿಗೆ ರಜೆ ಶುರುವಾಗುತ್ತದೆ, ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ಎರಡು ತಿಂಗಳಲ್ಲಿ ಹೆಚ್ಚುಪಾಲು ರಜೆಯೇ. ಮಗು ಅಜ್ಜಿಯ ಊರಲ್ಲಿರುತ್ತದೆ, ಶಿಕ್ಷಕರಿಗೂ ರಜೆ. ವಿಶೇಷ ವ್ಯವಸ್ಥೆ ಮಾಡದೆ ಈ ನಿಯಮವನ್ನು ಹಾಗೇ ತಂದರೆ ಹೆಚ್ಚುವರಿ ಪಾಠ ಕಾಗದದಲ್ಲಿ ಉಳಿದು, ಮರುಪರೀಕ್ಷೆ ಮಾತ್ರ ನಡೆಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮಗುವನ್ನು ತರಗತಿಯಿಂದಲ್ಲ, ಕಲಿಕೆಯ ಮಟ್ಟದಿಂದ ಗುಂಪು ಮಾಡಬೇಕು. ಪ್ರಥಮ್ ಸಂಸ್ಥೆ ರೂಪಿಸಿದ ವಿಧಾನ ಸರಳವಾಗಿದೆ. ಮೂರರಿಂದ ಐದನೇ ತರಗತಿಯ ಪ್ರತಿ ಮಗುವನ್ನೂ ಕೆಲವೇ ನಿಮಿಷ ಬಳಿ ಕೂರಿಸಿಕೊಂಡು ಓದಿಸುವುದು. ಅಕ್ಷರ, ಪದ, ಸಣ್ಣ ಪ್ಯಾರಾ, ಕತೆ, ಇವುಗಳಲ್ಲಿ ಎಲ್ಲಿಯವರೆಗೆ ಬರುತ್ತದೋ ಅದು ಮಗುವಿನ ಮಟ್ಟ. ದಿನಕ್ಕೆ ಒಂದೆರಡು ಗಂಟೆ ತರಗತಿಯ ಗೋಡೆ ಮರೆತು, ಒಂದೇ ಮಟ್ಟದ ಮಕ್ಕಳೆಲ್ಲ ಒಟ್ಟಿಗೆ ಕೂತು, ಆ ಮಟ್ಟದಿಂದ ಮೇಲಕ್ಕೆ ಕಲಿಯುತ್ತಾರೆ. ಮಿಕ್ಕ ಹೊತ್ತು ತಮ್ಮ ಓರಗೆಯವರ ಜೊತೆ ತಮ್ಮ ತರಗತಿಯಲ್ಲೇ ಇರುತ್ತಾರೆ. ಉತ್ತರ ಪ್ರದೇಶದಲ್ಲಿ ಒಟ್ಟು 50 ದಿನಗಳಷ್ಟು ಇಂಥ ಶಿಬಿರ ನಡೆಸಿದ ಶಾಲೆಗಳಲ್ಲಿ, ಪ್ಯಾರಾ ಅಥವಾ ಕತೆ ಓದಬಲ್ಲ ಮಕ್ಕಳ ಪ್ರಮಾಣ ಶಿಬಿರ ನಡೆಸದ ಶಾಲೆಗಳಿಗಿಂತ ಸುಮಾರು ಎರಡು ಪಟ್ಟು ಇತ್ತು. ಹರಿಯಾಣದಲ್ಲಿ ಸರ್ಕಾರಿ ಶಿಕ್ಷಕರೇ ದಿನಕ್ಕೊಂದು ಗಂಟೆ ಹೀಗೆ ಕಲಿಸಿದಾಗ ಮಕ್ಕಳ ಭಾಷಾ ಕಲಿಕೆ ಸುಧಾರಿಸಿತು. ಆ ಗಂಟೆಯನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡದೆ ಕಾಯ್ದಿಟ್ಟದ್ದು ಅಲ್ಲಿ ಮುಖ್ಯವಾಗಿತ್ತು. ಮೇಲಿನವರ ಉಸ್ತುವಾರಿ ತಪ್ಪಿದಲ್ಲಿ ಅದೇ ವಿಧಾನ ಸೋತಿದೆ.

ಇದು ನಮಗೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯ ತಿರುಳೂ ಇದೇ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನ ಮೆಟ್ಟಿಲಿದೆ, ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಅಲ್ಲಿ ಫೇಲು ಎಂಬ ಮಾತಿಗೆ ಜಾಗವೇ ಇಲ್ಲ. ತೊಂದರೆ ಶುರುವಾಗುವುದು ನಾಲ್ಕರಲ್ಲಿ. ಏಣಿ ಅಲ್ಲಿಗೆ ಮುಗಿಯುತ್ತದೆ, ಎಲ್ಲರ ಕೈಗೂ ಒಂದೇ ಪಠ್ಯಪುಸ್ತಕ ಬರುತ್ತದೆ, ಏಣಿ ಪೂರ್ತಿ ಹತ್ತದ ಮಗುವಿನ ಕಡೆ ನೋಡಲು ಯಾರಿಗೂ ಹೊತ್ತಿರುವುದಿಲ್ಲ. ಐದನೇ ತರಗತಿಯ ಪರೀಕ್ಷೆಯಲ್ಲಿ ಬೀಳುವ ಮಗು ನಿಜವಾಗಿ ಬಿದ್ದದ್ದು ಆ ತಿರುವಿನಲ್ಲಿ. ನಾಲ್ಕು ಮತ್ತು ಐದರಲ್ಲೂ ದಿನಕ್ಕೊಂದು ಗಂಟೆ ಮಟ್ಟಕ್ಕೆ ತಕ್ಕ ಪಾಠ ಮುಂದುವರಿದರೆ, ಯಾರನ್ನು ಉಳಿಸಬೇಕು ಎಂಬ ಪಟ್ಟಿ ಬಹಳ ಚಿಕ್ಕದಾಗುತ್ತದೆ.

ಆ ಚಿಕ್ಕ ಪಟ್ಟಿಯಲ್ಲಿ ಕೆಲವು ಮಕ್ಕಳಿಗೆ ಇನ್ನೊಂದು ವರ್ಷ ಒಳ್ಳೆಯದೇ ಮಾಡೀತು. ಒಂದು, ಎರಡನೇ ತರಗತಿಯಲ್ಲಿ ಕಾಯಿಲೆಯಿಂದ ವರ್ಷದ ಹೆಚ್ಚುಪಾಲು ಶಾಲೆಗೇ ಬಾರದ ಮಗು, ಓರಗೆಯವರಿಗಿಂತ ಚಿಕ್ಕದಾಗಿದ್ದು ಅಪ್ಪ ಅಮ್ಮನೂ ಒಪ್ಪಿದರೆ, ಉಳಿಯುವುದರಲ್ಲಿ ಅರ್ಥವಿದೆ. ಆ ಪಾಠಗಳನ್ನು ಅದು ಮೊದಲ ಸಲ ಕೇಳುತ್ತಿರುತ್ತದೆ. ಆದರೆ ಗುಳೆ ಹೋಗುವ ಮನೆಯ ಮಗುವಿನ ವಿಷಯ ಹಾಗಲ್ಲ. ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆಯಿಂದ ಅಪ್ಪ ಅಮ್ಮನ ಜೊತೆ ಕೆಲಸದ ಜಾಗಕ್ಕೆ ಹೋಗುವ ಮಗುವನ್ನು ಹಿಂದೆ ಉಳಿಸಿದರೆ, ಮುಂದಿನ ವರ್ಷವೂ ಅದು ಅದೇ ತಿಂಗಳುಗಳಲ್ಲಿ ಊರಲ್ಲಿರುವುದಿಲ್ಲ. ಅದಕ್ಕೆ ಬೇಕಾದದ್ದು ಊರಲ್ಲೇ ಉಳಿಯಲು ಋತುಮಾನದ ವಸತಿ ವ್ಯವಸ್ಥೆ.

ನಿಮ್ಮ ಮಗುವನ್ನು ಉಳಿಸುತ್ತೇವೆ ಎಂದು ಶಾಲೆ ಹೇಳಿದರೆ ಜಗಳಕ್ಕೆ ಹೋಗಬೇಡಿ, ಒಪ್ಪಿ ತಲೆಯಾಡಿಸಿಯೂ ಬರಬೇಡಿ. ಮಗುವಿಗೆ ಬಾರದಿರುವುದು ನಿಖರವಾಗಿ ಏನು ಎಂದು ಕೇಳಿ. “ಗಣಿತದಲ್ಲಿ ವೀಕು” ಎಂಬ ಉತ್ತರಕ್ಕೆ ನಿಲ್ಲದೆ, ಕೂಡುವುದು ಎಲ್ಲಿಯವರೆಗೆ ಬರುತ್ತದೆ, ಕಳೆಯುವುದು ಎಲ್ಲಿ ತಪ್ಪುತ್ತದೆ, ಓದುವಾಗ ಎಲ್ಲಿ ನಿಲ್ಲುತ್ತದೆ ಎಂದು ಮಗುವಿನ ಪುಸ್ತಕದಲ್ಲೇ ತೋರಿಸಲು ಹೇಳಿ. ಅದನ್ನು ಬರುವ ವರ್ಷ ಯಾರು, ದಿನದ ಯಾವ ಹೊತ್ತಿನಲ್ಲಿ ಕಲಿಸುತ್ತಾರೆ ಎಂದು ಕೇಳಿ. ಅದಕ್ಕೆ ಸರಿಯಾದ ಉತ್ತರವಿದ್ದರೆ, ಅದೇ ಪಾಠವನ್ನು ಆರನೇ ತರಗತಿಯಲ್ಲಿ ಕೂತೇ ಕಲಿಯಲು ಆಗದೇಕೆ ಎಂದೂ ಕೇಳಿ. ಉತ್ತರವಿಲ್ಲದಿದ್ದರೆ ಮಗುವನ್ನು ಅಲ್ಲಿ ಕೂರಿಸುವುದರಲ್ಲಿ ಅರ್ಥವಿಲ್ಲ. ಕೇಂದ್ರದ ಹೊಸ ನಿಯಮ ಅನ್ವಯಿಸುವ ಶಾಲೆಗಳಲ್ಲಿ ಇದನ್ನು ಕೇಳುವ ಅಧಿಕಾರ ನಿಮಗೆ ಇನ್ನೂ ಗಟ್ಟಿಯಾಗಿದೆ. ಉಳಿದ ಮಗುವಿನ ಕಲಿಕೆಯ ಕೊರತೆಯನ್ನು ತರಗತಿ ಶಿಕ್ಷಕರು ಗುರುತಿಸಬೇಕು, ಅಗತ್ಯವಿದ್ದರೆ ಪೋಷಕರಿಗೂ ಮಾರ್ಗದರ್ಶನ ಮಾಡಬೇಕು, ಮುಖ್ಯ ಶಿಕ್ಷಕರು ಅಂಥ ಮಕ್ಕಳ ಪಟ್ಟಿ ಇಟ್ಟು ಪ್ರಗತಿಯನ್ನು ತಾವೇ ಗಮನಿಸಬೇಕು ಎಂದು ಅದರಲ್ಲೇ ಬರೆದಿದೆ.